ಮೂವತ್ತೇಳೂವರೆ ಟಿಕೆಟ್: ಕಂಡಕ್ಟರ್ ಮಾವನ ಲೆಕ್ಕದಿಂದ ‘ಕ್ಷಣದ ದರ’ದ ಕಥೆ ಕಟ್ಟುವ ಬಗೆ

ಮಕ್ಕಳಿಗೆ ಗಣಿತದ ಕಥೆ ಬರೆಯುವವರು ಬಸ್ಸು ಹತ್ತಿದರೆ ಸಾಮಾನ್ಯವಾಗಿ ಸರಾಸರಿಯ ಸ್ಟಾಪಿನಲ್ಲೇ ಇಳಿದುಬಿಡುತ್ತಾರೆ. ‘ಹತ್ತು ನಿಮಿಷಕ್ಕೆ ಐವತ್ತು ಟಿಕೆಟ್, ಅಂದರೆ ನಿಮಿಷಕ್ಕೆ ಐದು’ ಎಂದು ಕಂಡಕ್ಟರ್ ಹೇಳುತ್ತಾನೆ, ಮಗು ಕಣ್ಣರಳಿಸುತ್ತದೆ, ಕಥೆ ಮುಗಿಯುತ್ತದೆ. ಅದು ಭಾಗಾಕಾರದ ಕಥೆ. ನಾವು ಕಟ್ಟಬೇಕಿರುವುದು ಬೇರೆ: ‘ನಾಲ್ಕನೇ ನಿಮಿಷದ ಆ ಗಳಿಗೆಯಲ್ಲಿ ಟಿಕೆಟ್ ಎಷ್ಟು ಚುರುಕಾಗಿ ಹೋಗುತ್ತಿತ್ತು?’ ಎಂಬ ಪ್ರಶ್ನೆಗೆ, ಅಂದರೆ ಕ್ಷಣದ ದರಕ್ಕೆ, ಅರ್ಥವಿದೆಯೇ, ಇದ್ದರೆ ಅದನ್ನು ಹಿಡಿಯುವುದು ಹೇಗೆ ಎಂದು ಹನ್ನೊಂದು ವರ್ಷದ ಹುಡುಗ ತಾನಾಗಿ ಕಂಡುಕೊಳ್ಳುವ ಕಥೆ.

ನಾನು ಇದನ್ನು ಎರಡು ಸಲ ಬರೆದು ಕೆಡಿಸಿದ್ದೇನೆ. ಮೂರನೇ ಸಲ ನಿಂತದ್ದು ಹೇಗೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಬಸ್ಸನ್ನೂ ಎಣಿಕೆಯನ್ನೂ ಗೊತ್ತುಮಾಡಿಕೊಳ್ಳಿ

ನನ್ನ ಕಥೆಯ ಬಸ್ಸು ಶಿವಮೊಗ್ಗದಿಂದ ಆಯನೂರು, ಕುಂಸಿ, ಆನಂದಪುರದ ಮೇಲೆ ಸಾಗರಕ್ಕೆ ಹೋಗುವ ಕೆಂಪು ಬಸ್ಸು. ಕಥೆಗೆ ಇಡೀ ದಾರಿ ಬೇಡ. ನಿಲ್ದಾಣ ಬಿಟ್ಟ ಮೊದಲ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಯಾರೂ ಹತ್ತುವುದಿಲ್ಲ, ಇಳಿಯುವುದಿಲ್ಲ. ಬಸ್ಸಿನಲ್ಲಿ ಟಿಕೆಟ್ ಆಗಬೇಕಾದ ಐವತ್ತು ತಲೆಗಳಿವೆ, ಮಾವ ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನ ಕಡೆ ನಡೆಯುತ್ತಾನೆ. ಮಧ್ಯೆ ಒಂದು ಸ್ಟಾಪ್ ತಂದಿರೋ, ಗಣಿತ ಕೈತಪ್ಪುತ್ತದೆ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಎಣಿಸಬೇಕಾದದ್ದು ಟಿಕೆಟ್ಟನ್ನು, ದುಡ್ಡನ್ನಲ್ಲ. ಮೊದಲ ಸಲ ನಾನು ಬ್ಯಾಗಿನ ಹಣ ಎಣಿಸಿದ್ದೆ. ಆಯನೂರಿನವರದು ಒಂದು ದರ, ಸಾಗರದವರದು ಇನ್ನೊಂದು. ಸಾಗರಕ್ಕೆ ಹೋಗುವ ನಾಲ್ಕು ಜನ ಒಂದೇ ಕಡೆ ಕೂತಿದ್ದರೆ ಕಂಡಕ್ಟರ್ ಚುರುಕಾಗದಿದ್ದರೂ ಹಣ ಏರಿಬಿಡುತ್ತದೆ. ಅದೂ ಅಲ್ಲದೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಅರ್ಧದಷ್ಟು ಟಿಕೆಟ್ ಹೆಂಗಸರ ಶೂನ್ಯ ಟಿಕೆಟ್ ಆಗಿದ್ದರೂ ಆಶ್ಚರ್ಯವಿಲ್ಲ. ಯಂತ್ರದಿಂದ ಚೀಟಿ ಹೊರಬರುತ್ತದೆ, ಬ್ಯಾಗಿಗೆ ಏನೂ ಬೀಳುವುದಿಲ್ಲ. ಎಣಿಕೆಗೆ ಮಾತ್ರ ಅದೂ ಒಂದು ಟಿಕೆಟ್ಟೇ.

ಇದೇ ಕಾರಣಕ್ಕೆ ಕಥೆಯ ಮಗು ಹುಡುಗ. ಆರರಿಂದ ಹನ್ನೆರಡರೊಳಗಿನ ಹುಡುಗನಿಗೆ ಅರ್ಧ ಟಿಕೆಟ್. ಹುಡುಗಿಯಾದರೆ ಈಗ ಶೂನ್ಯ ಟಿಕೆಟ್, ಮತ್ತು ನನ್ನ ಕಥೆಯ ನಡುಗಂಬ ನಿಂತಿರುವುದೇ ಅರ್ಧ ಟಿಕೆಟ್ಟಿನ ಮೇಲೆ.

ಕಂಡಕ್ಟರ್ ಹುಡುಗನ ಸೋದರಮಾವನಾಗಿರಲಿ. ಬೇರೆ ಯಾವ ಕಂಡಕ್ಟರೂ ಡ್ಯೂಟಿಯ ನಡುವೆ ಮಗುವಿನ ಹತ್ತು ಪ್ರಶ್ನೆಗೆ ಉತ್ತರ ಹೇಳುತ್ತಾ ನಿಲ್ಲಲಾರ. ಜೊತೆಗೆ ಈ ಮಾವ ಹಳಬ. ಯಂತ್ರ ಬರುವ ಮುಂಚೆ ಟಿಕೆಟ್ ಕಟ್ಟುಗಳನ್ನು ಹಿಡಿದು, ಪ್ರತಿ ಸ್ಟೇಜಿನಲ್ಲಿ ವೇಬಿಲ್ ಎಂಬ ಲೆಕ್ಕದ ಹಾಳೆಗೆ ನಂಬರು ಬರೆದು ಬೆಳೆದವನು. ‘ಮುಗಿದ ನಂಬರಿನಲ್ಲಿ ಶುರುವಿನ ನಂಬರು ಕಳಿ’ ಎನ್ನುವುದು ಅವನಿಗೆ ಉಸಿರಾಟದಷ್ಟೇ ಅಭ್ಯಾಸ. ಕಲನಶಾಸ್ತ್ರದ ಮೊದಲ ಕೆಲಸವೂ ಅದೇ ಕಳೆಯುವಿಕೆ. ಮಾವನಿಗೆ ಅದು ಗೊತ್ತಿಲ್ಲ, ಗೊತ್ತಿರಲೂ ಬಾರದು.

ಹೆಜ್ಜೆ 2: ಕಥೆಗೆ ಮುಂಚೆ ಗುಟ್ಟಿನ ಪಟ್ಟಿ

ಒಂದು ಸಾಲು ಬರೆಯುವ ಮೊದಲೇ ಟಿಕೆಟ್ ಹೇಗೆ ಏರುತ್ತದೆ ಎಂಬ ನಿಯಮವನ್ನು ನೀವು ನಿಶ್ಚಯಿಸಿಕೊಂಡಿರಬೇಕು. ಓದುಗನಿಗೆ ಅದು ಕಾಣಬಾರದು. ನನ್ನದು ಇದು, `t` ಎಂದರೆ ಬಸ್ಸು ಬಿಟ್ಟ ಮೇಲಿನ ನಿಮಿಷ:

```
N(t) = 10t − t²/2      (t: 0 ರಿಂದ 10)
```

ಎರಡೆರಡು ನಿಮಿಷಕ್ಕೆ ಬೆಲೆ ಹಾಕಿದರೆ ಸಿಗುವುದು ಹೀಗೆ:

| ನಿಮಿಷ | ಒಟ್ಟು ಟಿಕೆಟ್ | ಆ ಎರಡು ನಿಮಿಷದಲ್ಲಿ |
|---|---|---|
| 0 | 0 | – |
| 2 | 18 | 18 |
| 4 | 32 | 14 |
| 6 | 42 | 10 |
| 8 | 48 | 6 |
| 10 | 50 | 2 |

ಇದನ್ನೇ ಆರಿಸಲು ಕಾರಣಗಳಿವೆ. ಸರಿ ನಿಮಿಷಗಳಲ್ಲಿ ಉತ್ತರ ಪೂರ್ಣ ಸಂಖ್ಯೆ, ಹಾಗಾಗಿ ಹುಡುಗನ ನೋಟ್‌ಬುಕ್ಕಿನಲ್ಲಿ ಸುಲಭವಾಗಿ ಕೂರುತ್ತದೆ. ಬೆಸ ನಿಮಿಷಗಳಲ್ಲಿ ಅರ್ಧ ಬರುತ್ತದೆ, ಅದು ನಮಗೆ ಬೇಕೇ ಬೇಕು. ವೇಗ ಸಮವಾಗಿ ಇಳಿಯುತ್ತಾ ಹೋಗುತ್ತದೆ, ಆದ್ದರಿಂದ ಯಾವ ಎರಡು ಗಳಿಗೆಯ ಚುರುಕೂ ಒಂದೇ ಅಲ್ಲ. ನಿಮಿಷಕ್ಕೆ ಐದರಂತೆ ನೇರ ಏರುವ ಎಣಿಕೆ ಇಟ್ಟುಕೊಂಡಿರಾದರೆ ಸರಾಸರಿಗೂ ಕ್ಷಣದ ದರಕ್ಕೂ ವ್ಯತ್ಯಾಸವೇ ಇರುವುದಿಲ್ಲ, ಕಥೆಗೆ ಕೆಲಸವೂ ಇರುವುದಿಲ್ಲ.

ಇನ್ನು ಸಂಖ್ಯೆ ಇಳಿಯುವುದಕ್ಕೆ ಬಸ್ಸಿನೊಳಗೆ ಕಾರಣ ಕೊಡಿ. ಮುಂದಿನ ಸೀಟಿನವರು ಚಿಲ್ಲರೆ, ಆಧಾರ್ ಕಾರ್ಡು ಕೈಯಲ್ಲೇ ಹಿಡಿದಿದ್ದಾರೆ. ಒಬ್ಬನೇ ನಾಲ್ಕು ಟಿಕೆಟ್ ಕೇಳುತ್ತಾನೆ. ನಡುವೆ ನಿಂತವರ ಗುಂಪು ದಾಟಬೇಕು. ಹಿಂದೆ ಒಬ್ಬ ಐನೂರರ ನೋಟು ಚಾಚುತ್ತಾನೆ, ಮಾವ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾನೆ. ಕೊನೆಯ ಸೀಟಿನಲ್ಲಿ ಒಬ್ಬ ನಿದ್ದೆ ಹೋಗಿದ್ದಾನೆ. ಪಟ್ಟಿಯ ಕೊನೆಯ ಎರಡು ನಿಮಿಷದ ಎರಡೇ ಟಿಕೆಟ್ ಇವರದು.

ಹೆಜ್ಜೆ 3: ಸರಾಸರಿ ಸೋಲುವ ದೃಶ್ಯ

ಕ್ಷಣದ ದರ ಯಾರಿಗೆ ಬೇಕು, ಯಾಕೆ ಬೇಕು? ಇದಕ್ಕೆ ಉತ್ತರವಿಲ್ಲದೆ ಕಥೆ ಮುಂದೆ ಹೋಗಬಾರದು. ನನ್ನ ಎರಡನೇ ಕರಡು ಸತ್ತದ್ದು ಇಲ್ಲೇ, ಅಲ್ಲಿ ಮಾವ ಸುಮ್ಮನೆ ಪಾಠ ಹೇಳಿದ್ದ. ಈಗ ಅವನಿಗೆ ಒಂದು ಅವಸರ ಕೊಟ್ಟಿದ್ದೇನೆ. ಮುಂದಿನ ಸ್ಟೇಜಿನೊಳಗೆ ಎಲ್ಲರ ಟಿಕೆಟ್ ಆಗಿರಬೇಕು. ಅಲ್ಲಿ ಚೆಕಿಂಗ್‌ನವರು ಹತ್ತಿ, ಟಿಕೆಟ್ಟಿಲ್ಲದವನೊಬ್ಬ ಸಿಕ್ಕರೆ ಮೊದಲು ಉತ್ತರ ಹೇಳಬೇಕಾದವನು ಕಂಡಕ್ಟರ್.

ನಾಲ್ಕನೇ ನಿಮಿಷ. ಮಾವ ಬಸ್ಸಿನ ನಡುವೆ ಇದ್ದಾನೆ, ಯಂತ್ರದಲ್ಲಿ ಮೂವತ್ತೆರಡನೇ ಟಿಕೆಟ್.

> “ಇನ್ನೂ ಹದಿನೆಂಟು ಜನ ಇದಾರೆ ಅಳಿಯಾ. ಎಷ್ಟು ಹೊತ್ತಾಗುತ್ತೆ, ಹೇಳು ನೋಡೋಣ.”
>
> ಹುಡುಗ ಬೆರಳು ಮಡಚಿದ. ನಾಲ್ಕು ನಿಮಿಷಕ್ಕೆ ಮೂವತ್ತೆರಡು, ನಿಮಿಷಕ್ಕೆ ಎಂಟು. ಹದಿನೆಂಟಕ್ಕೆ... “ಎರಡೂಕಾಲು ನಿಮಿಷ ಸಾಕು ಮಾವ!”
>
> “ಹಾಗಾದ್ರೆ ಗಡಿಯಾರ ನೋಡ್ತಾ ಇರು.”

ಎರಡು ನಿಮಿಷ ಕಳೆದು ನೋಡಿದರೆ ಹತ್ತೇ ಟಿಕೆಟ್ ಆಗಿದೆ, ಇನ್ನೂ ಎಂಟು ಜನ ಬಾಕಿ. ಹುಡುಗನಿಗೆ ಅವಮಾನ. ಲೆಕ್ಕ ತಪ್ಪಿಲ್ಲ, ಆದರೂ ಉತ್ತರ ತಪ್ಪು. ಯಾಕೆಂದರೆ ಆ ‘ಎಂಟು’ ನಾಲ್ಕನೇ ನಿಮಿಷದ ಸಂಖ್ಯೆಯಲ್ಲ. ಮುಂದಿನ ಬಾಗಿಲಿನ ಚುರುಕಿನ ನೆನಪು ಅದರೊಳಗೆ ಸೇರಿಕೊಂಡಿದೆ. ‘ಹಿಂದೆ ಹೇಗಿತ್ತೋ ಬಿಡು, ಆಗ, ಆ ಹೊತ್ತಿಗೆ ಮಾವನ ಕೈ ಎಷ್ಟು ಓಡುತ್ತಿತ್ತು?’ ಎಂಬ ಪ್ರಶ್ನೆ ಈ ಅವಮಾನದಿಂದಲೇ ಹುಟ್ಟಬೇಕು. ಮಾವನ ಬಾಯಿಂದಲ್ಲ, ಹುಡುಗನ ಬಾಯಿಂದ.

ಇಲ್ಲೊಂದು ಪ್ರಾಮಾಣಿಕತೆ ಬೇಕು. ನಾಲ್ಕನೇ ನಿಮಿಷದ ನಿಜವಾದ ದರ ನಿಮಿಷಕ್ಕೆ ಆರು. ಅದು ಗೊತ್ತಿದ್ದರೂ ಹುಡುಗ ಮೂರು ನಿಮಿಷ ಅನ್ನುತ್ತಿದ್ದ, ಹಿಡಿದದ್ದು ಮಾತ್ರ ಆರು ನಿಮಿಷ. ಕ್ಷಣದ ದರ ಭವಿಷ್ಯ ಹೇಳುವುದಿಲ್ಲ, ‘ಈಗ ಹೇಗಿದೆ’ ಎಂದಷ್ಟೇ ಹೇಳುತ್ತದೆ. ಅದು ಗೊತ್ತಿದ್ದಿದ್ದರೆ ಹುಡುಗ ಗೆಲ್ಲುತ್ತಿದ್ದ ಎಂಬಂತೆ ಬರೆದರೆ ಸುಳ್ಳಾಗುತ್ತದೆ.

ಹೆಜ್ಜೆ 4: ಎರಡೂ ಕಡೆಯಿಂದ ಒತ್ತುವುದು

ಈ ಲೆಕ್ಕ ಓಡುವ ಬಸ್ಸಿನಲ್ಲಿ ಆಗುವುದಿಲ್ಲ. ನಾಲ್ಕನೇ ನಿಮಿಷದಲ್ಲಿ ನಿಂತವನಿಗೆ ಹಿಂದಿನದು ಮಾತ್ರ ಗೊತ್ತು, ಮುಂದಿನದು ಆಗಬೇಕಷ್ಟೆ. ಆದ್ದರಿಂದ ದೃಶ್ಯವನ್ನು ಸಾಗರದ ನಿಲ್ದಾಣಕ್ಕೆ ತನ್ನಿ. ಮಾವ ಚಹಾ ಕುಡಿಯುತ್ತಿದ್ದಾನೆ, ಹುಡುಗನ ಮುಂದೆ ಎರಡೆರಡು ನಿಮಿಷಕ್ಕೆ ಬರೆದಿಟ್ಟ ಪಟ್ಟಿಯಿದೆ. (ಟಿಕೆಟ್ ಮೇಲೆ ಅಚ್ಚಾಗುವ ಸಮಯವನ್ನೇ ನಂಬಿಕೊಂಡರೆ ನಿಮಿಷಕ್ಕಿಂತ ಸಣ್ಣದು ಸಿಗದಿರಬಹುದು. ಹುಡುಗನ ಕೈಗೆ ಒಂದು ವಾಚು ಕಟ್ಟಿಬಿಡಿ.)

ಅವನು ಮೊದಲು ನಾಲ್ಕರ ಹಿಂದಿನದನ್ನು ಲೆಕ್ಕ ಹಾಕುತ್ತಾನೆ. ಸೊನ್ನೆಯಿಂದ ನಾಲ್ಕಕ್ಕೆ ನಿಮಿಷಕ್ಕೆ 8. ಎರಡರಿಂದ ನಾಲ್ಕಕ್ಕೆ 14 ಟಿಕೆಟ್, ಅಂದರೆ 7. ಆಮೇಲೆ ಮುಂದಿನದು. ನಾಲ್ಕರಿಂದ ಎಂಟಕ್ಕೆ 16 ಟಿಕೆಟ್, ನಿಮಿಷಕ್ಕೆ 4. ನಾಲ್ಕರಿಂದ ಆರಕ್ಕೆ 10 ಟಿಕೆಟ್, 5.

> “ಮಾವ, ಹಿಂದಿನದು ಎಂಟು, ಏಳು ಅಂತ ಇಳೀತಾ ಇದೆ. ಮುಂದಿನದು ನಾಲ್ಕು, ಐದು ಅಂತ ಏರ್ತಾ ಇದೆ.”
>
> “ಎರಡು ಬಾಗಿಲಿಂದ ಹತ್ತಿದೋರು ನಡುವೆ ಬಂದು ಡಿಕ್ಕಿ ಹೊಡೀತಾರೆ ಅನ್ನು.”
>
> “ಎಲ್ಲಿ ಡಿಕ್ಕಿ ಹೊಡೀತಾರೆ?”

ಇಲ್ಲಿ ನಿಧಾನಿಸಿ. ಕಥೆಯ ಅತಿ ಮುಖ್ಯವಾದ ಜಾಗ ಇದೇ, ಅವಸರದ ಲೇಖಕ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾನೆ. ವೇಗ ಇಳಿಯುತ್ತಲೇ ಇದ್ದುದರಿಂದ ಹಿಂದಿನ ಸರಾಸರಿ ಯಾವತ್ತೂ ನಿಜಕ್ಕಿಂತ ಹೆಚ್ಚು, ಮುಂದಿನದು ಯಾವತ್ತೂ ಕಡಿಮೆ. ಅವಧಿ ಕಿರಿದಾದಷ್ಟೂ ಎರಡೂ ಒಂದೇ ಸಂಖ್ಯೆಯ ಹತ್ತಿರ ಬರುತ್ತವೆ, ಆ ಸಂಖ್ಯೆಯೇ ಮಿತಿ. ಮಿತಿ ಎಂಬ ಕಲ್ಪನೆಯ ಜೀವ ಇರುವುದು ಈ ಒತ್ತಿನಲ್ಲಿ, ‘ಸಮಯವನ್ನು ಸೊನ್ನೆ ಮಾಡುವುದರಲ್ಲಿ’ ಅಲ್ಲ. ಸೊನ್ನೆ ಮಾಡಿದರೆ ಸೊನ್ನೆ ಟಿಕೆಟ್ಟನ್ನು ಸೊನ್ನೆ ನಿಮಿಷದಿಂದ ಭಾಗಿಸಬೇಕಾಗುತ್ತದೆ, ಅದಕ್ಕೆ ಉತ್ತರವಿಲ್ಲ. ಹುಡುಗ ಒಮ್ಮೆ ಹಾಗೆ ಮಾಡಲಿ, ಮಾವ ನಗಲಿ: “ಬಸ್ಸು ಹೊರಡದೇ ಕಲೆಕ್ಷನ್ ಕೇಳಿದ ಹಾಗಾಯ್ತು.”

ಕೆಲವರು ಎರಡರಿಂದ ಆರರವರೆಗೆ ತೆಗೆದು 24 ಟಿಕೆಟ್ಟನ್ನು ನಾಲ್ಕು ನಿಮಿಷದಿಂದ ಭಾಗಿಸಿ, ಒಂದೇ ಏಟಿಗೆ 6 ಪಡೆಯುತ್ತಾರೆ. ಸರಿಯಾಗಿ ಬರುತ್ತದೆ ನಿಜ. ಆದರೆ ಅದು ನಾವು ಆರಿಸಿದ ಸೂತ್ರದ ಕೃಪೆ. ವೇಗ ಸಮವಾಗಿ ಇಳಿಯುವಲ್ಲಿ ಮಾತ್ರ ಎರಡೂ ಪಕ್ಕದ ತಪ್ಪು ಪೂರ್ತಿ ವಜಾ ಆಗುತ್ತದೆ. ಕಥೆಯಲ್ಲಿ ಈ ಕಳ್ಳದಾರಿ ಬಂದರೆ ಹುಡುಗನಿಗೆ ಒತ್ತುವ ಅಗತ್ಯವೇ ಹೋಗುತ್ತದೆ. ನಾನು ಬಿಟ್ಟಿದ್ದೇನೆ.

ಹೆಜ್ಜೆ 5: ಅರ್ಧ ಟಿಕೆಟ್ಟಿನ ಸಂಕಟ

ಈಗ ಹುಡುಗನಿಗೆ ಇನ್ನೂ ಹತ್ತಿರ ಹೋಗಬೇಕು. ನಾಲ್ಕರಿಂದ ಐದು. ಐದನೇ ನಿಮಿಷಕ್ಕೆ ಎಷ್ಟು ಟಿಕೆಟ್ ಆಗಿತ್ತು? ಬರೆದಿಟ್ಟಿಲ್ಲ. ಪಟ್ಟಿಯಲ್ಲಿ ಎರಡೆರಡು ನಿಮಿಷಕ್ಕೆ 18, 14, 10 ಎಂದು ನಾಲ್ಕು ನಾಲ್ಕು ಇಳಿಯುವುದನ್ನು ಅವನು ಕಂಡಿದ್ದಾನೆ. ಅದೇ ಧಾಟಿಯಲ್ಲಿ ಆ 10ನ್ನು ಎರಡು ನಿಮಿಷಕ್ಕೆ ಹಂಚಿದರೆ ಮೊದಲ ನಿಮಿಷಕ್ಕೆ ಐದೂವರೆ, ಎರಡನೆಯದಕ್ಕೆ ನಾಲ್ಕೂವರೆ. ಹಾಗಾಗಿ ಐದನೇ ನಿಮಿಷಕ್ಕೆ ಮೂವತ್ತೇಳೂವರೆ.

> “ಮೂವತ್ತೇಳೂವರೆ ಟಿಕೆಟ್ ಹೇಗೆ ಮಾವ? ಆ ಅರ್ಧ ನಂದಾ?”
>
> “ನಿಂದು ಅರ್ಧ ಚಾರ್ಜು. ಟಿಕೆಟ್ ಮಾತ್ರ ಇಡಿಯೇ. ಯಂತ್ರ ಅರ್ಧ ಚೀಟಿ ಹರಿಯಲ್ಲ.”

ಈ ನಗೆಯ ಹಿಂದೆ ಕಥೆಯ ನಿಜವಾದ ಗಂಟಿದೆ. ಅದನ್ನು ಬಿಚ್ಚದೆ ಹೋದರೆ ಜಾಣ ಮಗು ನಿಮ್ಮನ್ನು ಬಿಡುವುದಿಲ್ಲ. ಟಿಕೆಟ್ ಎಣಿಕೆ ಮೆಟ್ಟಿಲಿನ ಹಾಗೆ ಏರುತ್ತದೆ: 32, ಸ್ವಲ್ಪ ಹೊತ್ತು ಅಲ್ಲೇ, ಥಟ್ಟನೆ 33. ನಾಲ್ಕನೇ ನಿಮಿಷದ ಹೊತ್ತಿಗೆ ಸುಮಾರು ಹತ್ತು ಸೆಕೆಂಡಿಗೊಂದು ಟಿಕೆಟ್. ಅವಧಿಯನ್ನು ಐದು ಸೆಕೆಂಡಿಗೆ ಇಳಿಸಿದರೆ ಅದರೊಳಗೆ ಒಂದು ಟಿಕೆಟ್ ಬೀಳಬಹುದು, ಬೀಳದೆಯೂ ಇರಬಹುದು. ಬಿದ್ದರೆ ದರ ನಿಮಿಷಕ್ಕೆ 12, ಬೀಳದಿದ್ದರೆ 0. ಒಂದು ಸೆಕೆಂಡಿಗೆ ಇಳಿಸಿದರೆ 60 ಇಲ್ಲವೇ 0. ಹತ್ತಿರ ಹೋದಷ್ಟೂ ಆರಕ್ಕೆ ಕೂಡಿಕೊಳ್ಳಬೇಕಿದ್ದದ್ದು ಹುಚ್ಚೆದ್ದು ಕುಣಿಯುತ್ತದೆ.

ಮಗುವಿಗೆ ಕಾರಣ ಸರಳವಾಗಿ ಹೇಳಬಹುದು. ಎಣಿಕೆಯಲ್ಲಿ ಒಂದು ಟಿಕೆಟ್ ಆಚೀಚೆ ಆಗುವುದು ಸಹಜ. ಎರಡು ನಿಮಿಷದ ಅವಧಿಯಲ್ಲಿ ಆ ಒಂದು ಟಿಕೆಟ್ ದರವನ್ನು ನಿಮಿಷಕ್ಕೆ ಅರ್ಧ ಟಿಕೆಟ್ಟಿನಷ್ಟು ಅಲುಗಿಸುತ್ತದೆ, ಒಂದು ನಿಮಿಷದಲ್ಲಿ ಒಂದರಷ್ಟು, ಐದು ಸೆಕೆಂಡಿನಲ್ಲಿ ಹನ್ನೆರಡರಷ್ಟು. ಅವಧಿ ದೊಡ್ಡದಾದರೆ ಹಳೆಯ ಚುರುಕು ಬೆರೆತು ಕೆಡಿಸುತ್ತದೆ, ಚಿಕ್ಕದಾದರೆ ಮೆಟ್ಟಿಲು ಕೆಡಿಸುತ್ತದೆ. ಬರೀ ಎಣಿಕೆ ಹಿಡಿದು ಆರರವರೆಗೆ ನಡೆದುಹೋಗಲಾಗುವುದಿಲ್ಲ.

ಹಾಗಾದರೆ ದಾರಿ? ಇಲ್ಲಿ ಹುಡುಗ ನೋಟ್‌ಬುಕ್ಕಿನ ಚೌಕುಳಿ ಹಾಳೆ ತೆರೆಯಬೇಕು. ಅಡ್ಡಕ್ಕೆ ಒಂದು ನಿಮಿಷಕ್ಕೆ ಒಂದು ಸೆಂಟಿಮೀಟರು, ಉದ್ದಕ್ಕೆ ಐದು ಟಿಕೆಟ್ಟಿಗೆ ಒಂದು ಸೆಂಟಿಮೀಟರು. ಆರು ಚುಕ್ಕೆ ಇಟ್ಟು, ಮಾವನ ಕಿಸೆಯ ಮಲ್ಲಿಗೆ ದಾರವನ್ನೋ ಹೊಲಿಗೆ ನೂಲನ್ನೋ ಚುಕ್ಕೆಗಳ ಮೇಲೆ ನಯವಾಗಿ ಬಾಗಿಸಿ ಹಾಯಿಸಲಿ. ಈ ನೂಲಿಗೆ ಮೆಟ್ಟಿಲಿಲ್ಲ. ಐದನೇ ನಿಮಿಷದಲ್ಲಿ ಅದು ಮೂವತ್ತೇಳೂವರೆಯ ಎತ್ತರದಲ್ಲಿ ನಿಶ್ಚಿಂತೆಯಿಂದ ಇರುತ್ತದೆ. ಅದು ಹೇಳುವುದು ಬಸ್ಸಿನಲ್ಲಿದ್ದ ಟಿಕೆಟ್ಟನ್ನಲ್ಲ, ಏರಿಕೆಯ ಓಟವನ್ನು. ಹುಡುಗ ಅದನ್ನು ತನ್ನ ಮಾತಲ್ಲಿ ಹೇಳಲಿ: “ಟಿಕೆಟ್ ಮೆಟ್ಟಿಲು ಹತ್ತುತ್ತೆ, ನೂಲು ಜಾರುಬಂಡೆ.” ನೂಲಿನ ಮೇಲೆ ಒತ್ತಿದರೆ ಹಿಂದಿನಿಂದ 8, 7, 6.5, ಮುಂದಿನಿಂದ 4, 5, 5.5, ಅರ್ಧ ನಿಮಿಷಕ್ಕೆ 5.75. ಹಿಂದಿನದು ಆರಕ್ಕಿಂತ ಕೆಳಗಿಳಿಯುವುದಿಲ್ಲ, ಮುಂದಿನದು ಆರನ್ನು ದಾಟುವುದಿಲ್ಲ.

ಕ್ಷಣದ ದರ ಇರುವುದು ನೂಲಿಗೆ, ಚೀಟಿಗಳಿಗಲ್ಲ. ಇದನ್ನು ಮುಚ್ಚಿಟ್ಟ ಕಥೆಗಳನ್ನು ನಾನು ಓದಿದ್ದೇನೆ. ಮೊದಲ ಓದಿಗೆ ಚೆಂದ, ಎರಡನೇ ಓದಿಗೆ ಮೋಸ.

ಹೆಜ್ಜೆ 6: ಆರು ಎಂದರೇನು, ಸ್ಕೇಲು ಹೇಳಲಿ

ಸಂಖ್ಯೆ ಸಿಕ್ಕಿತು, ಅರ್ಥ ಸಿಗಬೇಕು. ಹುಡುಗ ಸ್ಕೇಲನ್ನು ನಾಲ್ಕನೇ ನಿಮಿಷದ ಚುಕ್ಕೆಗೆ ತಾಗಿಸಿ, ನೂಲನ್ನು ಕತ್ತರಿಸದ ಹಾಗೆ ಹೊಂದಿಸುತ್ತಾನೆ. ಸ್ವಲ್ಪ ಓರೆಯಾದರೂ ಅದು ನೂಲನ್ನು ಇನ್ನೊಂದು ಕಡೆ ಕಡಿಯುತ್ತದೆ, ಹಾಗಾಗಿ ಸರಿಯಾಯಿತೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಹೊಂದಿದಾಗ ಸ್ಕೇಲಿನ ಅಂಚು ಎರಡನೇ ನಿಮಿಷದಲ್ಲಿ 20, ಆರನೇ ನಿಮಿಷದಲ್ಲಿ 44 ತೋರಿಸುತ್ತದೆ. ನೂಲು ಅಲ್ಲಿ 18 ಮತ್ತು 42. ಎರಡೂ ಕಡೆ ನೂಲು ಎರಡು ಟಿಕೆಟ್ ಕೆಳಗೆ ಬಾಗಿದೆ, ಸ್ಕೇಲು ಮಾತ್ರ ನೆಟ್ಟಗೆ ನಿಮಿಷಕ್ಕೆ ಆರರಂತೆ ಏರುತ್ತಿದೆ.

> “ಅಂದ್ರೆ ನಾಲ್ಕನೇ ನಿಮಿಷದ ಚುರುಕು ಹಾಗೇ ಉಳಿದಿದ್ರೆ ಆರನೇ ನಿಮಿಷಕ್ಕೆ ನಲವತ್ನಾಲ್ಕು ಆಗ್ತಿತ್ತು.”
>
> “ಉಳೀಲಿಲ್ಲವಲ್ಲ. ಐನೂರರ ನೋಟಿನೋನು ಸಿಕ್ಕ.”

‘ಹಾಗೇ ಉಳಿದಿದ್ದರೆ’ ಎಂಬ ಮಾತು ಮಗುವಿನ ಬಾಯಿಂದ ಬಂದ ಮೇಲೆ ಮಾವ ವಿವರಣೆ ಕೊಡಕೂಡದು. ಸ್ಪರ್ಶಕ, ಅವಕಲನ ಎಂಬ ಪದಗಳೂ ಬೇಡ.

ಪದದ ಬಗ್ಗೆ ಇನ್ನೊಂದು ಮಾತು. 12ನೇ ಶತಮಾನದ ಭಾಸ್ಕರಾಚಾರ್ಯ ಗ್ರಹಗಳ ಆಯಾ ಗಳಿಗೆಯ ವೇಗಕ್ಕೆ ಬಳಸಿದ ಮಾತು ‘ತಾತ್ಕಾಲಿಕ ಗತಿ’. ಒಳ್ಳೆಯ ಪದ, ಆದರೆ ಇಂದಿನ ಕನ್ನಡದಲ್ಲಿ ತಾತ್ಕಾಲಿಕ ಎಂದರೆ ಕಾಯಂ ಅಲ್ಲದ್ದು. ಬಸ್ಸಿನ ಕಥೆಯಲ್ಲಿ ಆ ಪದ ತಂದರೆ ಓದುಗನಿಗೆ ಮಾವನ ನೌಕರಿಯ ಮೇಲೇ ಅನುಮಾನ ಬರುತ್ತದೆ. ಅದಕ್ಕೇ ನಾನು ‘ಆ ಗಳಿಗೆಯ ಚುರುಕು’ ಎಂದು ಇಟ್ಟುಕೊಂಡದ್ದು.

ಹೆಜ್ಜೆ 7: ಕೆಡುವ ಜಾಗಗಳನ್ನು ನೋಡಿಕೊಳ್ಳಿ

ಮಧ್ಯೆ ಸ್ಟಾಪ್ ಬೇಡ ಎಂದೆನಲ್ಲ. ಹತ್ತನೇ ನಿಮಿಷಕ್ಕೆ ಟಿಕೆಟ್ ಮುಗಿದು ದರ ಸೊನ್ನೆಗೆ ಬಂದಿದೆ. ಅಷ್ಟರಲ್ಲಿ ಬಸ್ಸು ನಿಂತು ಏಳೆಂಟು ಜನ ಹತ್ತಿದರು ಅನ್ನಿ, ಮಾವ ತಕ್ಷಣ ನಿಮಿಷಕ್ಕೆ ಎಂಟರಂತೆ ಶುರುಮಾಡುತ್ತಾನೆ. ಆ ಗಳಿಗೆಗೆ ಹಿಂದಿನಿಂದ ಒತ್ತಿದರೆ ಸೊನ್ನೆ, ಮುಂದಿನಿಂದ ಒತ್ತಿದರೆ ಎಂಟು. ಎಷ್ಟು ಒತ್ತಿದರೂ ಡಿಕ್ಕಿ ಆಗುವುದಿಲ್ಲ. ನೂಲಿಗೆ ಅಲ್ಲಿ ಮೂಲೆ ಬಿದ್ದಿದೆ, ಮೂಲೆಯಲ್ಲಿ ಸ್ಕೇಲು ಹೇಗೆ ಬೇಕಾದರೂ ಕೂರುತ್ತದೆ. ಇದೇ ಒಂದು ಒಳ್ಳೆಯ ಎರಡನೇ ಕಥೆ, ಒಂದೇ ಕಥೆಯೊಳಗೆ ತುರುಕಬೇಡಿ.

ಇನ್ನೊಂದು ಗೊಂದಲ ಮೌನವಾಗಿ ನುಸುಳುತ್ತದೆ. ಎಣಿಕೆ ದೊಡ್ಡದಾದಾಗ ಚುರುಕೂ ದೊಡ್ಡದು ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ನಮ್ಮ ಪಟ್ಟಿಯಲ್ಲಿ ಎಣಿಕೆ ಐವತ್ತಾಗಿ ತುತ್ತತುದಿಯಲ್ಲಿರುವಾಗಲೇ ಚುರುಕು ಸೊನ್ನೆ. ನಿಮ್ಮ ಕಥೆ ದಾಟಿತೋ ಇಲ್ಲವೋ ತಿಳಿಯಲು ಓದಿದ ಮಗುವನ್ನು ಕೇಳಬೇಕಾದದ್ದು ಇಷ್ಟೇ: ಮಾವ ಯಾವಾಗ ಎಲ್ಲಕ್ಕಿಂತ ಚುರುಕಾಗಿದ್ದ? ‘ಬಸ್ಸು ಬಿಟ್ಟ ಕೂಡಲೇ’ ಎಂದರೆ ದಾಟಿದೆ. ‘ಹತ್ತನೇ ನಿಮಿಷದಲ್ಲಿ, ಐವತ್ತಾಯ್ತಲ್ಲ’ ಎಂದರೆ ಮೂರನೇ ಹೆಜ್ಜೆಗೆ ಹಿಂತಿರುಗಿ, ಅವಮಾನದ ದೃಶ್ಯವನ್ನು ಇನ್ನಷ್ಟು ಖಾರ ಮಾಡಿ.

ಮುಗಿಸುವಾಗ ನಾನು ಬರೆದದ್ದು ಹೀಗೆ. ಚಹಾ ಮುಗಿಯಿತು, ವಾಪಸ್ ಟ್ರಿಪ್ಪಿನ ಹೊತ್ತಾಯಿತು. ಹುಡುಗ ತನ್ನ ಟಿಕೆಟ್ ಹೊರಗೆ ತೆಗೆದ. ಬರುವಾಗ ಚಿಲ್ಲರೆಯಿಲ್ಲದೆ ಮಾವ ಅದರ ಹಿಂದೆ ಪೆನ್ನಿನಲ್ಲಿ ಗೀಚಿದ್ದ 6 ಇನ್ನೂ ಇತ್ತು.

> “ಮಾವ, ಇದು ನೀನು ಕೊಡಬೇಕಾದ ಬಾಕಿ.”
>
> “ಅದಾ? ನಾಲ್ಕನೇ ನಿಮಿಷದ ಚುರುಕು ಅಂದ್ಕೊಂಡೆ.”
>
> “ಚುರುಕಾದ್ರೆ ‘ನಿಮಿಷಕ್ಕೆ’ ಅಂತ ಬರೀಬೇಕಿತ್ತು. ಬರೀ ಆರು ಅಂದ್ರೆ ದುಡ್ಡೇ.”
>
> ಮಾವ ಬ್ಯಾಗಿನ ಬಾಯಿ ಬಿಚ್ಚಿ ಚಿಲ್ಲರೆ ಹುಡುಕತೊಡಗಿದ.